ಇಪ್ಪತ್ನಾಲ್ಕು ಶೇಡಿನ ಡಬ್ಬಿಯಲ್ಲಿ ನಿಜಕ್ಕೂ ಎಷ್ಟು ಬಣ್ಣ?

ಬೇಸಿಗೆ ರಜೆ ಹತ್ತಿರವಾದಂತೆ ಆನ್‌ಲೈನ್ ಅಂಗಡಿಗಳಲ್ಲಿ ಬಣ್ಣದ ಸೆಟ್‌ಗಳ ಸಾಲು ಉದ್ದವಾಗುತ್ತದೆ. ಹುಡುಕಾಟದ ಪೆಟ್ಟಿಗೆಯಲ್ಲಿ ‘ವಾಟರ್ ಕಲರ್’ ಎಂದು ಹಾಕಿದರೆ ಸಾಕು, ಇಂಥದೊಂದು ವಿವರಣೆ ಎದುರಾಗುತ್ತದೆ: ‘42 ಪೀಸ್ ಪ್ರೊಫೆಷನಲ್ ವಾಟರ್ ಕಲರ್ ಕಿಟ್, 24 ಉಜ್ವಲ ಬಣ್ಣಗಳು, ನಾನ್ ಟಾಕ್ಸಿಕ್, ಮಕ್ಕಳಿಂದ ಕಲಾವಿದರವರೆಗೆ ಎಲ್ಲರಿಗೂ.’ ಇದು ಯಾವುದೋ ಒಂದು ಕಂಪನಿಯ ಜಾಹೀರಾತಲ್ಲ, ಹತ್ತಾರು ಕಂಪನಿಗಳ ಡಬ್ಬಿಗಳ ಮೇಲೆ ಸಣ್ಣಪುಟ್ಟ ಬದಲಾವಣೆಯೊಂದಿಗೆ ಕಾಣುವ ಮಾತು. ಇದರಲ್ಲಿ ದಪ್ಪ ಅಕ್ಷರದಲ್ಲಿರುವ ಸಂಗತಿಗಳು ಕೊಳ್ಳುವವರಿಗೆ ಹೆಚ್ಚೇನೂ ಹೇಳುವುದಿಲ್ಲ. ಹೇಳಬೇಕಾದದ್ದು ಟ್ಯೂಬಿನ ಹಿಂಬದಿಯಲ್ಲಿ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ಇರುತ್ತದೆ. ಎಷ್ಟೋ ಸಲ ಅಲ್ಲಿಯೂ ಇರುವುದಿಲ್ಲ.

ಮೊದಲು ಆ 42ರ ಲೆಕ್ಕವನ್ನೇ ಬಿಡಿಸೋಣ. ಇಂಥ ಕಿಟ್‌ಗಳಲ್ಲಿ ಸಾಮಾನ್ಯವಾಗಿ 24 ಬಣ್ಣದ ಬಿಲ್ಲೆ, 10 ಹಾಳೆ ಕಾಗದ, 3 ಬ್ರಷ್, ಹಿಡಿಯಲ್ಲೇ ನೀರು ತುಂಬುವ ಒಂದು ವಾಟರ್ ಬ್ರಷ್, ಒಂದು ಸ್ಪಂಜು, ಒಂದು ಪೆನ್ಸಿಲ್, ಒಂದು ರಬ್ಬರ್, ಒಂದು ಪ್ಯಾಲೆಟ್ ಇರುತ್ತವೆ. ಕೂಡಿದರೆ 42. ಕಾಗದದ ಒಂದೊಂದು ಹಾಳೆಯೂ ಒಂದೊಂದು ‘ಪೀಸ್’! ನೂರೈವತ್ತು, ಇನ್ನೂರು ಪೀಸಿನ ದೊಡ್ಡ ಪೆಟ್ಟಿಗೆಗಳಲ್ಲಿ ಕ್ರೇಯಾನ್, ಸ್ಕೆಚ್ ಪೆನ್, ಆಯಿಲ್ ಪೇಸ್ಟಲ್, ಶಾರ್ಪನರ್, ಕ್ಲಿಪ್ಪು ಎಲ್ಲವನ್ನೂ ಎಣಿಸಿರುತ್ತಾರೆ. ಹಾಗಾಗಿ ಪೀಸಿನ ಸಂಖ್ಯೆಯನ್ನು ಪಕ್ಕಕ್ಕಿಟ್ಟು, ಬಣ್ಣ ಎಷ್ಟು ಮಿಲಿ ಲೀಟರ್ ಇದೆ ಎಂದು ನೋಡಬೇಕು. ಪೊಟ್ಟಣ ಕಟ್ಟಿದ ಸರಕಿನ ಮೇಲೆ ನಿವ್ವಳ ಪ್ರಮಾಣ, ಗರಿಷ್ಠ ಮಾರಾಟ ಬೆಲೆ, ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ ನಮೂದಿಸಲೇಬೇಕೆಂದು 2011ರ ಕಾನೂನು ಮಾಪನ ನಿಯಮಗಳು ಹೇಳುತ್ತವೆ. ಹೊರದೇಶದ ಮಾಲಾದರೆ ಯಾವ ದೇಶದ್ದು ಎಂಬುದೂ ಬೇಕು. ಇವು ಇಲ್ಲದ ಡಬ್ಬಿಯ ಬಗ್ಗೆ ಮುಂದೆ ಯೋಚಿಸುವ ಅಗತ್ಯವೇ ಇಲ್ಲ.

ಇನ್ನು ಆ 24.

ಜಲವರ್ಣ ಎಂದರೆ ಮೂಲತಃ ಎರಡೇ ವಸ್ತು: ಬಣ್ಣ ಕೊಡುವ ನುಣ್ಣನೆಯ ಪುಡಿ, ಅದನ್ನು ಕಾಗದಕ್ಕೆ ಹಿಡಿಸುವ ಅಂಟು. ಅಂಟು ಸಾಮಾನ್ಯವಾಗಿ ಜಾಲಿ ಜಾತಿಯ ಮರದ ಗೋಂದು, ಅಂಗಡಿಯ ಭಾಷೆಯಲ್ಲಿ ಗಮ್ ಅರೇಬಿಕ್. ಬೇಗ ಒಣಗಿ ಬಿರಿಯದಿರಲಿ ಎಂದು ಗ್ಲಿಸರಿನ್ ಅಥವಾ ಜೇನು ಸೇರಿಸುತ್ತಾರೆ. ಪುಡಿಯೇ ವರ್ಣದ್ರವ್ಯ, ಅಂದರೆ ಪಿಗ್ಮೆಂಟ್. ಪೋಸ್ಟರ್ ಕಲರ್‌ನಲ್ಲೂ ಹೆಚ್ಚುಕಡಿಮೆ ಇದೇ ಬಗೆಯ ಸಾಮಗ್ರಿ. ಆದರೆ ಅದಕ್ಕೆ ಸೀಮೆಸುಣ್ಣದಂಥ ಬಿಳಿ ಪುಡಿ ಸೇರಿರುವುದರಿಂದ ಅದು ಕಾಗದವನ್ನು ಮುಚ್ಚಿಬಿಡುತ್ತದೆ, ಜಲವರ್ಣ ಕಾಗದದ ಬಿಳುಪನ್ನು ತನ್ನ ಮೂಲಕ ತೋರಿಸುತ್ತದೆ. ಅಗ್ಗದ ಜಲವರ್ಣದ ಬಿಲ್ಲೆಯಲ್ಲಿ ಪಿಗ್ಮೆಂಟ್ ಕಡಿಮೆ ಮಾಡಿ ಇಂಥದೇ ಬಿಳಿ ಪುಡಿ ತುಂಬಿದಾಗ ಬಣ್ಣ ಒದ್ದೆಯಿರುವಾಗ ಚೆನ್ನಾಗಿ ಕಂಡು, ಒಣಗಿದ ಮೇಲೆ ಮಂಕಾಗಿ ಸುಣ್ಣ ಬಳಿದಂತಾಗುತ್ತದೆ. ‘ಆರ್ಟಿಸ್ಟ್ಸ್’ ಮತ್ತು ‘ಸ್ಟೂಡೆಂಟ್ಸ್’ ಎಂಬ ಎರಡು ದರ್ಜೆಗಳ ನಡುವಿನ ದೊಡ್ಡ ವ್ಯತ್ಯಾಸ ಇದೇ: ಒಂದರಲ್ಲಿ ಪಿಗ್ಮೆಂಟ್ ದಟ್ಟ, ಇನ್ನೊಂದರಲ್ಲಿ ತೆಳು. ಆದರೆ ಇಷ್ಟು ಪಿಗ್ಮೆಂಟ್ ಇದ್ದರೆ ಮಾತ್ರ ‘ಪ್ರೊಫೆಷನಲ್’ ಎಂದು ಬರೆಯಬಹುದು ಎಂಬ ಕಾನೂನೇನೂ ಇಲ್ಲ. ಹೆಸರಾಂತ ಕಂಪನಿ ಆ ಪದವನ್ನು ತನ್ನ ಮರ್ಯಾದೆ ಉಳಿಸಿಕೊಳ್ಳಲು ಎಚ್ಚರದಿಂದ ಬಳಸುತ್ತದೆ, ಉಳಿದವರಿಗೆ ಅದೊಂದು ಅಲಂಕಾರ.

ಹಾಗಾದರೆ ಒಳಗಿನ ಪುಡಿ ಯಾವುದೆಂದು ತಿಳಿಯುವುದು ಹೇಗೆ? ಅದಕ್ಕೊಂದು ಜಾಗತಿಕ ಏರ್ಪಾಡಿದೆ. ಬ್ರಿಟನ್ನಿನ ಬಣ್ಣಗಾರರ ಸಂಘ 1920ರ ದಶಕದಲ್ಲಿ ‘ಕಲರ್ ಇಂಡೆಕ್ಸ್’ ಎಂಬ ಪಟ್ಟಿಯನ್ನು ಹೊರತಂದಿತು. ಇವತ್ತಿಗೂ ಎಲ್ಲ ಪಿಗ್ಮೆಂಟ್‌ಗಳಿಗೆ ಅದೇ ಪಟ್ಟಿಯ ಸಂಕೇತ. ಓದುವುದು ಬಹಳ ಸುಲಭ. ಮೊದಲ P ಎಂದರೆ ಪಿಗ್ಮೆಂಟ್. ನಂತರದ ಅಕ್ಷರ ಬಣ್ಣದ ಗುಂಪು: B ನೀಲಿ, Y ಹಳದಿ, R ಕೆಂಪು, G ಹಸಿರು, V ನೇರಳೆ, Br ಕಂದು, Bk ಕಪ್ಪು, W ಬಿಳಿ. ಕೊನೆಯಲ್ಲೊಂದು ಸಂಖ್ಯೆ. PB29 ಎಂದಿದ್ದರೆ ಅದು ಅಲ್ಟ್ರಾಮರೀನ್ ನೀಲಿ. ಜಪಾನಿನ ಟ್ಯೂಬಾಗಲಿ, ಮುಂಬೈಯ ಟ್ಯೂಬಾಗಲಿ, ಹಿಂದೆ PB29 ಎಂದು ಬರೆದಿದ್ದರೆ ಒಳಗಿರುವ ಪುಡಿ ಒಂದೇ.

ಈ ಸಂಕೇತ ಹಿಡಿದು ಇಪ್ಪತ್ನಾಲ್ಕರ ಡಬ್ಬಿಯನ್ನು ಶೋಧಿಸಿದರೆ ಗುಟ್ಟು ಹೊರಬೀಳುತ್ತದೆ. ಸ್ಯಾಪ್ ಗ್ರೀನ್, ಆಲಿವ್ ಗ್ರೀನ್, ಹೂಕರ್ಸ್ ಗ್ರೀನ್ ಎಂಬ ಮೂರು ಹಸಿರುಗಳ ಹಿಂದೆ ಬಹುತೇಕ PG7 ಎಂಬ ಒಂದೇ ಹಸಿರು ಅಥವಾ PB15 ಎಂಬ ಥ್ಯಾಲೊ ನೀಲಿ ಇರುತ್ತದೆ. ಅದಕ್ಕೆ ಬೇರೆ ಬೇರೆ ಪ್ರಮಾಣದಲ್ಲಿ ಹಳದಿಯೋ ಕಂದೋ ಸೇರಿಸಿರುತ್ತಾರೆ. ತಿಳಿ ನೀಲಿ, ಗುಲಾಬಿ, ಮೈಬಣ್ಣ ಇವೆಲ್ಲ ಯಾವುದೋ ಬಣ್ಣಕ್ಕೆ PW6 ಎಂಬ ಟೈಟೇನಿಯಂ ಬಿಳಿ ಬೆರೆತವು. ಹೀಗೆ ಜರಡಿ ಹಿಡಿಯುತ್ತ ಹೋದರೆ ಇಪ್ಪತ್ನಾಲ್ಕು ಬಿಲ್ಲೆಗಳ ಕೆಳಗೆ ಅದರ ಅರ್ಧದಷ್ಟು ಪಿಗ್ಮೆಂಟ್ ಉಳಿದರೆ ಹೆಚ್ಚು. ಅದರಲ್ಲಿ ಮೋಸವೇನಿಲ್ಲ, ಮಿಶ್ರಣವನ್ನು ಮಾಡಿಕೊಟ್ಟಿದ್ದಾರೆ, ಅಷ್ಟೆ. ತೊಂದರೆ ಬರುವುದು ಅವುಗಳನ್ನು ಮತ್ತೆ ಬೆರೆಸಿದಾಗ. ಮೂರು ಪಿಗ್ಮೆಂಟಿನ ಹಸಿರಿಗೆ ಎರಡು ಪಿಗ್ಮೆಂಟಿನ ಕಿತ್ತಳೆ ಸೇರಿದರೆ ಪ್ಯಾಲೆಟ್ಟಿನಲ್ಲಿ ಐದು ಪುಡಿಗಳು ಕದಡಿ ಬಗ್ಗಡವಾಗುತ್ತದೆ. ಹೊಸದಾಗಿ ಕಲಿಯುವವರು ತಮ್ಮ ಕೈಯೇ ಸರಿಯಿಲ್ಲ ಎಂದುಕೊಳ್ಳುತ್ತಾರೆ. ತಪ್ಪು ಕೈಯದಲ್ಲ, ಡಬ್ಬಿಯದು.

ಈಗ ಅದೇ ಹಣಕ್ಕೆ ಇನ್ನೊಂದು ದಾರಿ ನೋಡೋಣ. ತಿಳಿ ಹಳದಿಗೆ PY3, ಬೆಚ್ಚನೆಯ ಕೆಂಪಿಗೆ PR254 ಅಥವಾ PR255, ಗುಲಾಬಿ ಕೆಂಪಿಗೆ PV19, ಎರಡು ನೀಲಿಗಳಾಗಿ PB29 ಮತ್ತು PB15:3, ಕಂದಿಗೆ ಬರ್ನ್ಟ್ ಸಿಯೆನಾ ಅಂದರೆ PBr7. ಆರು ಟ್ಯೂಬು, ಪ್ರತಿಯೊಂದರಲ್ಲೂ ಒಂದೇ ಪಿಗ್ಮೆಂಟ್. PY3ಗೆ PB15:3 ಸೇರಿಸಿದರೆ ನಾಟಿಗೆ ಸಿದ್ಧವಾದ ಭತ್ತದ ಸಸಿಮಡಿಯ ಹಸಿರು. ಅದಕ್ಕೆ ಬರ್ನ್ಟ್ ಸಿಯೆನಾದ ಒಂದು ಚಿಟಿಕೆ ಬಿದ್ದರೆ ಮಾವಿನ ಹಳೆಯ ಎಲೆ. PV19 ಮತ್ತು PB29 ಬೆರೆತರೆ ಕೊಳೆಯಿಲ್ಲದ ನೇರಳೆ. PB29ಕ್ಕೆ PBr7 ಬೆರೆಸಿದರೆ ಆಗುಂಬೆಯ ಮಳೆಮೋಡದ ಬೂದು, ಪ್ರಮಾಣ ಬದಲಿಸುತ್ತ ಹೋದರೆ ಹೆಚ್ಚುಕಡಿಮೆ ಕಪ್ಪು. ಹೀಗಾಗಿ ಕಪ್ಪು ಟ್ಯೂಬು ಕೊಳ್ಳಬೇಕಾಗಿಲ್ಲ. ಬಿಳಿಯಂತೂ ಕಾಗದದಲ್ಲೇ ಇದೆ. ಇನ್ನೊಂದು ಅನುಕೂಲವೂ ಇದೆ. ಸೆಟ್ಟಿನಲ್ಲಿ ಹಳದಿಯೂ ನೀಲಿಯೂ ಮೊದಲು ಖಾಲಿಯಾಗುತ್ತವೆ, ಹತ್ತು ಬಣ್ಣ ಮುಟ್ಟದೇ ಉಳಿಯುತ್ತವೆ. ಬಿಡಿ ಟ್ಯೂಬು ಮಾರುವ ಕಂಪನಿಯದಾದರೆ ಮುಗಿದದ್ದನ್ನಷ್ಟೇ ತಂದು ತುಂಬಬಹುದು. ಕಿಟ್ ಕಂಪನಿಗಳಲ್ಲಿ ಬಹಳಷ್ಟು ಬಿಡಿ ಬಣ್ಣ ಮಾರುವುದೇ ಇಲ್ಲ.

ಹೆಸರುಗಳ ವಿಷಯದಲ್ಲಿ ಎಚ್ಚರ ಬೇಕು. ‘ಕ್ಯಾಡ್ಮಿಯಂ ರೆಡ್ ಹ್ಯೂ’ ಎಂದು ಬರೆದಿದ್ದರೆ ಅದರಲ್ಲಿ ಕ್ಯಾಡ್ಮಿಯಂ ಇಲ್ಲ. ‘ಹ್ಯೂ’ ಎಂಬ ಆ ಬಾಲಂಗೋಚಿಯ ಅರ್ಥ, ಬಣ್ಣ ಅದರಂತೆಯೇ ಕಾಣುತ್ತದೆ, ಪುಡಿ ಮಾತ್ರ ಬೇರೆ ಎಂದು. ನಿಜವಾದ ಕ್ಯಾಡ್ಮಿಯಂ ಕೆಂಪು PR108, ಕೋಬಾಲ್ಟ್ ನೀಲಿ PB28, ಎರಡೂ ದುಬಾರಿ. ವಿದ್ಯಾರ್ಥಿ ದರ್ಜೆಯಲ್ಲಿ ಬದಲಿ ಪುಡಿ ಹಾಕುವುದು ಸಹಜ, ಮಕ್ಕಳ ಕೈಗಾದರೆ ಅದೇ ಒಳ್ಳೆಯದು. ಗ್ಯಾಂಬೋಜ್ ಎಂಬ ಹಳದಿಯದು ನಮಗೆ ಹತ್ತಿರದ ಕಥೆ. ಅದು ಗಾರ್ಸಿನಿಯಾ ಕುಲದ, ಅಂದರೆ ಮುರುಗಲು, ಉಪ್ಪಾಗೆ ಮರಗಳ ಬಳಗದ ಕೆಲವು ಮರಗಳಿಂದ ಒಸರುವ ಹಳದಿ ರಾಳ. ಮೈಸೂರು ಶೈಲಿಯ ಚಿತ್ರಕಾರರು ಚಿನ್ನದ ರೇಕು ಕೂರಿಸುವ ಉಬ್ಬುಗೆಲಸದ ಗೆಸ್ಸೋಗೆ ಇದನ್ನೇ ‘ರೇವಣಚಿನ್ನಿ ಹಾಲು’ ಎಂದು ಬಳಸುತ್ತಿದ್ದರು. ಈಗ ‘ನ್ಯೂ ಗ್ಯಾಂಬೋಜ್’ ಎಂದು ಬರುವ ಟ್ಯೂಬುಗಳಲ್ಲಿ ಆ ರಾಳದ ಹನಿಯೂ ಇಲ್ಲ. ಅದು ಬಿಸಿಲಿಗೆ ಮಾಸುತ್ತಿತ್ತು, ವಿಷವೂ ಹೌದು. ಅದರ ಜಾಗಕ್ಕೆ ಪ್ರಯೋಗಾಲಯದ ಹಳದಿಗಳು ಬಂದು ಕೂತಿವೆ.

ಮಾಸುವುದೆಂದರೆ ಏನು? ಬೆಳಕು, ಅದರಲ್ಲೂ ನೇರಳಾತೀತ ಕಿರಣ, ಕೆಲವು ಪಿಗ್ಮೆಂಟ್‌ಗಳ ಅಣುಗಳನ್ನೇ ಒಡೆಯುತ್ತದೆ. ಅಣು ಒಡೆದರೆ ಬಣ್ಣವೂ ಇಲ್ಲ. ಜಲವರ್ಣಕ್ಕೆ ಈ ಕಾಟ ಹೆಚ್ಚು, ಏಕೆಂದರೆ ಪದರ ತೆಳು, ರಕ್ಷಣೆಗೆ ಎಣ್ಣೆಯ ಹೊದಿಕೆಯೂ ಇಲ್ಲ. 1888ರಲ್ಲಿ ಇಂಗ್ಲೆಂಡಿನ ರಸೆಲ್ ಮತ್ತು ಆಬ್ನಿ ಎಂಬ ಇಬ್ಬರು ವಿಜ್ಞಾನಿಗಳು ಆಗಿನ ಜಲವರ್ಣಗಳನ್ನು ಬೆಳಕಿಗೊಡ್ಡಿ ಪರೀಕ್ಷಿಸಿ ಸರ್ಕಾರಕ್ಕೆ ವರದಿ ಕೊಟ್ಟರು. ಬಹಳಷ್ಟು ಬಣ್ಣಗಳು ತಾಳಲಿಲ್ಲ ಎಂಬುದು ಅದರ ಸಾರ. ಅದೇ ವರ್ಷ ಫ್ರಾನ್ಸಿನ ಆರ್ಲ್‌ನಲ್ಲಿ ವಾನ್ ಗೋ ತನ್ನ ಮಲಗುವ ಕೋಣೆಯ ಚಿತ್ರ ಬರೆದ. ಗೋಡೆಗಳು ತಿಳಿ ನೇರಳೆ ಎಂದು ಅವನೇ ಕಾಗದದಲ್ಲಿ ತಿಳಿಸಿದ್ದ. ಇಂದು ಆಮ್ಸ್ಟರ್‌ಡ್ಯಾಮಿನ ಸಂಗ್ರಹಾಲಯದಲ್ಲಿ ಆ ಗೋಡೆಗಳು ನೀಲಿಯಾಗಿ ಕಾಣುತ್ತವೆ. ನೇರಳೆಗೆ ಬೆರೆಸಿದ್ದ ಕೆಂಪು ಮಾಸಿಹೋಗಿ, ನೀಲಿ ಮಾತ್ರ ಉಳಿದಿದೆ. ಅದು ತೈಲವರ್ಣ. ಎಣ್ಣೆಯೊಳಗಿದ್ದೂ ಆ ಕೆಂಪು ಬದುಕಲಿಲ್ಲ.

ಇಂದಿನ ಸೆಟ್‌ಗಳಲ್ಲಿ ಮಾಸುವ ಬಣ್ಣಗಳು ಯಾವುವು? ಎರಡನ್ನು ನೆನಪಿಟ್ಟರೆ ಸಾಕು. ಒಂದು, ಅಲಿಜರಿನ್ ಕ್ರಿಮ್ಸನ್, ಸಂಕೇತ PR83. 1868ರಲ್ಲಿ ಜರ್ಮನಿಯ ರಸಾಯನ ತಜ್ಞರು ಇದನ್ನು ಕೃತಕವಾಗಿ ತಯಾರಿಸಿದರು, ಚಿತ್ರಕಾರರ ಅಚ್ಚುಮೆಚ್ಚಿನ ಗಾಢ ಕೆಂಪು. ತೆಳುವಾಗಿ ಹಚ್ಚಿದರೆ ಬೆಳಕಿಗೆ ನಿಲ್ಲುವುದಿಲ್ಲ. ‘ಪರ್ಮನೆಂಟ್ ಅಲಿಜರಿನ್’ ಎಂದಿದ್ದು, ಹಿಂದೆ ಬೇರೆ ಸಂಕೇತವಿದ್ದರೆ ಅದು ಬದಲಿ ಪಿಗ್ಮೆಂಟಿನದು, ವಾಸಿ. ಎರಡನೆಯದು, ಒಪೆರಾ ಪಿಂಕ್ ಮತ್ತು ನಿಯಾನ್ ಜಾತಿಯ ಮಿಂಚುವ ಬಣ್ಣಗಳು. ಆ ಮಿಂಚು ಬರುವುದು ಫ್ಲೋರೊಸೆಂಟ್ ಡೈಯಿಂದ, ಮೊದಲು ಹೋಗುವುದೂ ಅದೇ. ಡಬ್ಬಿಯ ಫೋಟೋದಲ್ಲಿ ಕಣ್ಸೆಳೆಯುವ ಬಣ್ಣ ಗೋಡೆಯ ಮೇಲೆ ಬೇಗ ಸೊರಗುವ ಬಣ್ಣವೇ ಆಗಿರುತ್ತದೆ ಎಂಬುದು ಈ ವ್ಯಾಪಾರದ ಒಂದು ತಮಾಷೆ.

ಬೆಳಕಿಗೆ ಎಷ್ಟು ನಿಲ್ಲುತ್ತದೆ ಎಂಬುದನ್ನು ಟ್ಯೂಬಿನ ಮೇಲೆ ಬೇರೆ ಬೇರೆ ರೀತಿಯಲ್ಲಿ ಬರೆಯುತ್ತಾರೆ. ಅಮೆರಿಕದ ಎಎಸ್‌ಟಿಎಂ ಮಾನದಂಡದಲ್ಲಿ I ಅತ್ಯುತ್ತಮ, V ಅತಿ ಕಳಪೆ. I ಅಥವಾ II ಇದ್ದರೆ ನೆಮ್ಮದಿಯಿಂದ ಕೊಳ್ಳಬಹುದು. ಉಣ್ಣೆ ಬಟ್ಟೆಯ ಮೇಲೆ ಅಳೆಯುವ ಬ್ಲೂ ವೂಲ್ ಪದ್ಧತಿ ಇದಕ್ಕೆ ತದ್ವಿರುದ್ಧ, ಅಲ್ಲಿ 1 ಕಳಪೆ, 8 ಉತ್ತಮ. ಕೆಲವರು ನಕ್ಷತ್ರ ಹಾಕುತ್ತಾರೆ, ಕೆಲವರು ಕೂಡಿಸುವ ಗುರುತು. ಒಂದು ಕಂಪನಿಯ ಮೂರು ನಕ್ಷತ್ರವನ್ನು ಇನ್ನೊಂದರ ಮೂರು ನಕ್ಷತ್ರದ ಜೊತೆ ಹೋಲಿಸುವಂತಿಲ್ಲ.

ಏನೂ ಬರೆಯದ ಡಬ್ಬಿ ಈಗಾಗಲೇ ಮನೆಯಲ್ಲಿದ್ದರೆ? ಪರೀಕ್ಷೆ ಮನೆಯಲ್ಲೇ ಆಗುತ್ತದೆ. ದಪ್ಪ ಕಾಗದದ ಪಟ್ಟಿಯ ಮೇಲೆ ಪ್ರತಿ ಬಣ್ಣವನ್ನು ಒಂದು ಕಡೆ ಗಟ್ಟಿಯಾಗಿ, ಇನ್ನೊಂದು ಕಡೆ ನೀರಾಗಿ ಉದ್ದಕ್ಕೆ ಎಳೆದು, ಪಕ್ಕದಲ್ಲಿ ಹೆಸರು ಬರೆದು ಒಣಗಿಸಬೇಕು. ಪಟ್ಟಿಯನ್ನು ಉದ್ದಕ್ಕೆ ಸೀಳಿ ಒಂದು ಸೀಳನ್ನು ಪುಸ್ತಕದೊಳಗೆ ಮುಚ್ಚಿಟ್ಟು, ಇನ್ನೊಂದನ್ನು ಬಿಸಿಲು ಬೀಳುವ ಕಿಟಕಿಯ ಗಾಜಿಗೆ ಒಳಗಿನಿಂದ, ಬಣ್ಣದ ಮುಖ ಹೊರಗೆ ಕಾಣುವಂತೆ ಅಂಟಿಸಬೇಕು. ಫೆಬ್ರುವರಿಯಲ್ಲಿ ಅಂಟಿಸಿ ಮೇ ಕೊನೆಗೆ ತೆಗೆದರೆ ಕಲಬುರಗಿಯ ಬಿಸಿಲಾಗಲಿ ಮಂಗಳೂರಿನದಾಗಲಿ ತನ್ನ ಕೆಲಸ ಮಾಡಿರುತ್ತದೆ. ಎರಡು ಸೀಳುಗಳನ್ನು ಮತ್ತೆ ಜೋಡಿಸಿ ನೋಡಿದಾಗ ನೀರಾದ ಭಾಗದಲ್ಲೇ ವ್ಯತ್ಯಾಸ ಎದ್ದು ಕಾಣುತ್ತದೆ. ಮಾಸಿದ್ದನ್ನು ಅಭ್ಯಾಸಕ್ಕೆ ಇಟ್ಟುಕೊಂಡು, ಉಳಿದದ್ದನ್ನು ಉಡುಗೊರೆ ಕೊಡುವ ಚಿತ್ರಕ್ಕೆ ಬಳಸಬಹುದು.

ಇನ್ನು ವಯಸ್ಸು. ‘3+’ ಎಂಬ ಗುರುತನ್ನು ಹೆಚ್ಚಿನ ಪೋಷಕರು ‘ಮೂರು ವರ್ಷದ ಮಗು ಬಳಸಲು ಕಲಿಯಬಲ್ಲದು’ ಎಂದು ಓದುತ್ತಾರೆ. ಅದು ಕೌಶಲದ ಮಾತಲ್ಲ, ಸುರಕ್ಷತೆಯ ಮಾತು. ಅದಕ್ಕಿಂತ ಚಿಕ್ಕ ಮಕ್ಕಳು ಟ್ಯೂಬಿನ ಮುಚ್ಚಳದಂಥ ಸಣ್ಣ ವಸ್ತುಗಳನ್ನು ಬಾಯಿಗೆ ಹಾಕಿಕೊಂಡು ಉಸಿರು ಕಟ್ಟಬಹುದು ಎಂಬ ಎಚ್ಚರಿಕೆ. ಭಾರತದಲ್ಲಿ 2021ರ ಜನವರಿಯಿಂದ ಹದಿನಾಲ್ಕು ವರ್ಷದೊಳಗಿನವರ ಆಟಿಕೆಗಳಿಗೆ ಬಿಐಎಸ್‌ನ ಐಎಸ್ಐ ಗುರುತು ಕಡ್ಡಾಯವಾಗಿದೆ. ಬೆರಳಿನಿಂದಲೇ ಬಳಿಯುವ ಫಿಂಗರ್ ಪೇಂಟ್ ಕೊಳ್ಳುವಾಗ ಆ ಗುರುತನ್ನು ಹುಡುಕುವುದು ಒಳ್ಳೆಯದು, ಏಕೆಂದರೆ ಅದು ಬಾಯಿಗೆ ಹೋಗಿಯೇ ಹೋಗುತ್ತದೆ. ಹೊರದೇಶದ ಡಬ್ಬಿಗಳಲ್ಲಿ ಅಮೆರಿಕದ ‘AP’ ಮುದ್ರೆ ಅಥವಾ ಯೂರೋಪಿನ ‘EN 71’ ಎಂಬ ಬರಹ ಇರುತ್ತದೆ. ‘CL’ ಮುದ್ರೆ ಇದ್ದರೆ ಮಾತ್ರ ಎಚ್ಚರಿಕೆಯ ಸಾಲನ್ನು ಓದಲೇಬೇಕು, ಅದು ಸಣ್ಣ ಮಕ್ಕಳಿಗಲ್ಲ. ಕ್ಯಾಡ್ಮಿಯಂ, ಕೋಬಾಲ್ಟ್ ಇರುವ ಕಲಾವಿದ ದರ್ಜೆಯ ಬಣ್ಣಗಳನ್ನು ದೊಡ್ಡವರು ಸಹ ಬ್ರಷ್ಷಿನ ತುದಿ ಬಾಯಲ್ಲಿ ಚೂಪು ಮಾಡಿಕೊಂಡು ಬಳಸಬಾರದು.

ಐದಾರು ವರ್ಷದ ಮಗುವಿಗೆ ಬೆಳಕು ತಾಳುವ ಬಣ್ಣ ಹುಡುಕುವುದು ಹಣ ದಂಡ. ಆ ವಯಸ್ಸಿಗೆ ಬೇಕಾದದ್ದು ‘ವಾಷಬಲ್’ ಎಂಬ ಪದ. ಕಲಾವಿದರ ಥ್ಯಾಲೊ ನೀಲಿ ಬಿಳಿ ಯೂನಿಫಾರ್ಮಿಗೆ ತಗುಲಿದರೆ ಯಾವ ಸಾಬೂನಿಗೂ ಬಗ್ಗುವುದಿಲ್ಲ. ದೊಡ್ಡ ಬಿಲ್ಲೆ, ದಪ್ಪ ಹಿಡಿಯ ಬ್ರಷ್, ಎಂಟೋ ಹನ್ನೆರಡೋ ಬಣ್ಣ, ಅಷ್ಟು ಸಾಕು.

ಹನ್ನೊಂದು ಹನ್ನೆರಡಕ್ಕೆ ಬಂದು ಡ್ರಾಯಿಂಗ್ ಲೋಯರ್ ಗ್ರೇಡ್ ಪರೀಕ್ಷೆಗೆ ಕೂರುವ ಹುಡುಗಿಯ ಲೆಕ್ಕ ಬೇರೆ. ವಿನ್ಯಾಸದ ಚಿತ್ರದಲ್ಲಿ ಗೆರೆಯೊಳಗೆ ಒಂದೇ ಸಮನೆ ದಟ್ಟವಾಗಿ ಬಣ್ಣ ತುಂಬಬೇಕು. ಪಾರದರ್ಶಕ ಜಲವರ್ಣದಲ್ಲಿ ಹಾಗೆ ತುಂಬಿದರೆ ಒಣಗುವಾಗ ಅಂಚಿನಲ್ಲಿ ಕಲೆ ಕಟ್ಟುತ್ತದೆ, ಪೆನ್ಸಿಲ್ ಗೆರೆಯೂ ಕಾಣುತ್ತದೆ. ಅಲ್ಲಿ ಪೋಸ್ಟರ್ ಕಲರ್ ಸರಿ. ಹೂವು ಎಲೆಗಳನ್ನು ನೋಡಿ ಬರೆಯುವ ಚಿತ್ರಕ್ಕೆ ಮಾತ್ರ ವಿದ್ಯಾರ್ಥಿ ದರ್ಜೆಯ ಜಲವರ್ಣದ ಟ್ಯೂಬು. ಅವಳಿಗೆ 5 ಮಿಲಿ ಲೀಟರಿನ ಹನ್ನೆರಡು ಟ್ಯೂಬಿನ ಸೆಟ್, ಅಂದರೆ ಒಟ್ಟು 60 ಮಿಲಿ ಲೀಟರ್, ವರ್ಷ ದಾಟುವಷ್ಟಾಗುತ್ತದೆ. ಇಪ್ಪತ್ನಾಲ್ಕಕ್ಕೆ ಕೊಡುವ ಹೆಚ್ಚಿನ ದುಡ್ಡನ್ನು ಕಾಗದಕ್ಕೆ ಕೊಟ್ಟರೆ ಫಲ ಕಣ್ಣಿಗೆ ಕಾಣುತ್ತದೆ.

ಕಿಟ್‌ಗಳು ಸೋಲುವ ಇನ್ನೊಂದು ಜಾಗವೇ ಈ ಕಾಗದ. ಒಳಗಿಟ್ಟ ಹತ್ತು ಹಾಳೆಯ ಜಿಎಸ್ಎಂ ಎಷ್ಟೆಂದು ಬರೆಯದಿದ್ದರೆ ಅದು ತೆಳುವೆಂದೇ ಎಣಿಸಬೇಕು. ಜಿಎಸ್ಎಂ ಎಂದರೆ ಒಂದು ಚದರ ಮೀಟರ್ ಕಾಗದದ ಗ್ರಾಂ ತೂಕ. ಜಲವರ್ಣಕ್ಕೆ ಸಾಮಾನ್ಯವಾಗಿ ಹೇಳುವುದು 300. ಅದಕ್ಕಿಂತ ಬಹಳ ಕಡಿಮೆಯಾದರೆ ನೀರು ಬಿದ್ದಕೂಡಲೇ ಹಾಳೆ ಹಪ್ಪಳದಂತೆ ಉಬ್ಬಿ, ಬಣ್ಣ ಗುಂಡಿಗಳಲ್ಲಿ ನಿಲ್ಲುತ್ತದೆ. ಕಲಾವಿದರ ಬಣ್ಣವನ್ನು ತೆಳು ಹಾಳೆಗೆ ಹಚ್ಚುವುದಕ್ಕಿಂತ ವಿದ್ಯಾರ್ಥಿ ಬಣ್ಣವನ್ನು ಒಳ್ಳೆಯ ಹಾಳೆಗೆ ಹಚ್ಚಿದರೆ ಚಿತ್ರ ಚೆನ್ನಾಗಿ ಬರುತ್ತದೆ.

ಬ್ರಷ್ಷಿನ ಬಗ್ಗೆ ಒಂದು ಮಾತು. ‘ನ್ಯಾಚುರಲ್ ಹೇರ್’ ಎಂದು ಬರೆದ ಅಗ್ಗದ ಬ್ರಷ್ಷಿನ ಕೂದಲು ಯಾವ ಪ್ರಾಣಿಯದೆಂದು ಕೇಳಬೇಕು. ನಮ್ಮ ದೇಶದಲ್ಲಿ ಮುಂಗುಸಿ ಕೂದಲಿನ ಬ್ರಷ್ಷುಗಳ ಕಳ್ಳ ವ್ಯಾಪಾರ ಇನ್ನೂ ಸಿಕ್ಕಿಬೀಳುತ್ತಲೇ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದನ್ನು ಮಾರುವುದು ಅಪರಾಧ. ಸಿಂಥೆಟಿಕ್ ಕೂದಲಿನ ದುಂಡು ಬ್ರಷ್ 4 ಮತ್ತು 8ನೇ ನಂಬರಿನವು ಎರಡಿದ್ದರೆ ಹೆಚ್ಚಿನ ಕೆಲಸ ನಡೆಯುತ್ತದೆ. ಒದ್ದೆ ಮಾಡಿ ಒಮ್ಮೆ ಝಾಡಿಸಿದಾಗ ತುದಿ ತಾನಾಗಿ ಚೂಪಾದರೆ ಬ್ರಷ್ ಒಳ್ಳೆಯದು, ಕವಲೊಡೆದರೆ ಅಲ್ಲ. ಮಲೆನಾಡು, ಕರಾವಳಿಯವರು ಇನ್ನೊಂದನ್ನು ಗಮನಿಸಬೇಕು. ಮಳೆಗಾಲದಲ್ಲಿ ಒದ್ದೆ ಬಿಲ್ಲೆಯ ಡಬ್ಬಿ ಮುಚ್ಚಿಟ್ಟರೆ ಗೋಂದಿಗೆ ಬೂಷ್ಟು ಹಿಡಿಯುತ್ತದೆ. ಪೂರಾ ಒಣಗಿದ ಮೇಲೆ ಮುಚ್ಚಳ ಹಾಕಬೇಕು.

ಆ 42 ಪೀಸಿನ ಕಿಟ್ ಹಾಗಾದರೆ ಯಾರಿಗೆ? ಎಂಟು ಹತ್ತು ವರ್ಷದ ಮಗುವಿನ ಹುಟ್ಟುಹಬ್ಬಕ್ಕೆ ಧಾರಾಳವಾಗಿ ಕೊಡಬಹುದು. ಬಣ್ಣ ಕಲಿಯಬೇಕೆಂದಿರುವ ದೊಡ್ಡವರಿಗೆ, ಚಿತ್ರ ಮಾರುವ ಯೋಚನೆ ಇರುವವರಿಗೆ ಅದು ತಕ್ಕದ್ದಲ್ಲ. ಅವರು ಕಂಪನಿಯ ಜಾಲತಾಣದಲ್ಲಿ ಬಣ್ಣಪಟ್ಟಿ ತೆರೆದು ಪಿಗ್ಮೆಂಟ್ ಸಂಕೇತ ಇದೆಯೇ ಎಂದು ನೋಡಲಿ. ಇದ್ದರೆ ಆರು ಟ್ಯೂಬು ಆರಿಸಿಕೊಳ್ಳಲಿ, ಇಲ್ಲದಿದ್ದರೆ ಬೇರೆ ಕಂಪನಿ ನೋಡಲಿ.